‘ಶ್ರಮಜೀವಿ’ ಅಂತ ಬರೆದದ್ದು ಸಾಲಲಿಲ್ಲ

ಒಬ್ಬೊಬ್ಬರ ವರ್ಷದ ಕೆಲಸವನ್ನು ಅಳೆಯುವ ಅಪ್ರೈಸಲ್ ನಮ್ಮ ಆಫೀಸಿನಲ್ಲಿ ಅಂದರೆ ಮಾರ್ಚ್ ತಿಂಗಳು. ವೈಟ್‌ಫೀಲ್ಡ್ ಕಡೆಯ ಒಂದು ಸಾಫ್ಟ್‌ವೇರ್ ಕಂಪನಿ. ಅಂಗಡಿಗಳ ಬಿಲ್ಲಿಂಗ್ ವ್ಯವಸ್ಥೆ ನೋಡಿಕೊಳ್ಳುವುದು ನಮ್ಮ ಟೀಮಿನ ಕೆಲಸ. ನನ್ನ ಕೆಳಗೆ 7 ಜನ ಇದ್ದಾರೆ. ಪ್ರತಿಯೊಬ್ಬರ ಬಗ್ಗೆಯೂ ನಾನು ರಿವ್ಯೂ ಬರೆಯಬೇಕು.

ಅವರಲ್ಲಿ ಒಬ್ಬಳು ತಿಪಟೂರಿನ ಕಡೆಯವಳು. ಹೆಸರು ಬದಲಿಸಿ ರೇಖಾ ಅಂತ ಕರೆಯುತ್ತೇನೆ. ಆಫೀಸಿನಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುವುದು. ಆದರೆ ನಾವಿಬ್ಬರೇ ಇದ್ದಾಗ ಅವಳು ನನ್ನನ್ನು ಅಕ್ಕ ಅನ್ನುತ್ತಾಳೆ. ಹಿಂದಿನ ವರ್ಷ ಅವಳ ಬಗ್ಗೆ ನಾನು ಬರೆದದ್ದು ಇಷ್ಟು. ಬರೆದದ್ದು ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಹೇಳಿದರೆ ಹೀಗಾಗುತ್ತದೆ:

“ರೇಖಾ ತುಂಬಾ ಶ್ರಮಜೀವಿ. ಟೀಮಿಗೆ ಒಂದು ಆಸ್ತಿ. ಎಲ್ಲರಿಗೂ ಸಹಾಯ ಮಾಡುತ್ತಾಳೆ. ಮುಂದೆ ಇನ್ನೂ ಹೆಚ್ಚಿನ ಹೊಣೆ ಹೊರಬೇಕು.”

ಬರೆದಾಗ ನನಗೆ ಸಮಾಧಾನವಾಗಿತ್ತು. ಒಳ್ಳೆಯ ಮಾತೇ ಬರೆದಿದ್ದೇನಲ್ಲ, ಅವಳಿಗೆ ಒಳ್ಳೆಯದೇ ಆಗುತ್ತದೆ ಅಂದುಕೊಂಡಿದ್ದೆ.

ಆಮೇಲೆ ಕ್ಯಾಲಿಬ್ರೇಷನ್ ಮೀಟಿಂಗ್ ಬಂತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಬೇರೆ ಬೇರೆ ಟೀಮಿನ ಮ್ಯಾನೇಜರುಗಳು ಒಂದು ರೂಮಿನಲ್ಲಿ ಕೂತು, ತಾವು ಕೊಟ್ಟ ರೇಟಿಂಗ್‌ಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವ ಸಭೆ ಅದು. ಒಬ್ಬರ 4 ಇನ್ನೊಬ್ಬರ 4ಕ್ಕೆ ಸಮನಾಗಿದೆಯಾ ಅಂತ ತೂಗುತ್ತಾರೆ. ಅಲ್ಲಿ ರೇಖಾಳನ್ನು ಬಲ್ಲವಳು ನಾನೊಬ್ಬಳೇ. ಉಳಿದವರಿಗೆ ಅವಳು ಅಂದರೆ ಪರದೆಯ ಮೇಲಿನ ಆ ನಾಲ್ಕು ವಾಕ್ಯ. ನಾನು ಅವಳಿಗೆ 4 ಕೊಟ್ಟಿದ್ದೆ. ಎದುರು ಕೂತಿದ್ದವರು ಕೇಳಿದರು, “ಈ ವರ್ಷ ಅವಳು ಮಾಡಿದ್ದು ಏನು? ಒಂದು ಹೇಳಿ.” ನನಗೆ ಹೊಳೆದದ್ದು ಹಿಂದಿನ ತಿಂಗಳ ಒಂದು ರಿಲೀಸ್ ಮಾತ್ರ. ಅದೂ ಅವಳೊಬ್ಬಳ ಕೆಲಸ ಅಲ್ಲ. ಪಕ್ಕದ ಟೀಮಿನ ಮ್ಯಾನೇಜರ್ ತಮ್ಮ ಹುಡುಗನ ಬಗ್ಗೆ ಯಾವ ದಿನ ಏನು ಕೆಟ್ಟಿತು, ಅವನು ಏನು ಮಾಡಿದ, ಅದರಿಂದ ಏನು ಉಳಿಯಿತು ಅಂತ ಮೂರೇ ಮಾತಲ್ಲಿ ಹೇಳಿದರು. ಆ ಹುಡುಗನ 4 ಉಳಿಯಿತು. ರೇಖಾಳದ್ದು 3ಕ್ಕೆ ಇಳಿಯಿತು. ನಾಲ್ಕೈದು ನಿಮಿಷದ ಮಾತು ಅಷ್ಟೇ.

ಆ ವಾರವೇ ಅವಳ ಜೊತೆ ಕೂತು ರಿವ್ಯೂ ಓದಿ ಹೇಳಿದೆ. ಅವಳು ಜಗಳ ಆಡಲಿಲ್ಲ. “ಅಕ್ಕ, ಹೆಚ್ಚಿನ ಹೊಣೆ ಅಂದ್ರೆ ಏನು? ನಾನು ಏನು ಮಾಡ್ಬೇಕಿತ್ತು?” ಅಂತ ಮಾತ್ರ ಕೇಳಿದಳು. ನನ್ನ ಬಳಿ ಉತ್ತರ ಇರಲಿಲ್ಲ. ವಾಕ್ಯ ಬರೆಯುವಾಗಲೂ ಇರಲಿಲ್ಲ. ಕೊನೆಗೊಂದು ಸಲಹೆ ಇರಬೇಕು ಅಂತ ಬರೆದಿದ್ದೆ.

ಮನೆಗೆ ಬಂದು ಮಾವನ ಹತ್ತಿರ ಹೇಳಿಕೊಂಡೆ. ಮಾವ ಸರ್ಕಾರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದವರು. ತಮ್ಮ ಕೈಕೆಳಗಿನವರ ಸಿ.ಆರ್., ಅಂದರೆ ಕೆಲಸದ ಬಗೆಗಿನ ಗೋಪ್ಯ ವರದಿ, ಬರೆದವರು, ತಮ್ಮ ಸಿ.ಆರ್.ಗಾಗಿ ಕಾದವರು. ಅವರು ದೇವ್ ದತ್ ಎಂಬುವರ ಕೇಸಿನ ವಿಷಯ ತೆಗೆದರು. ಗಡಿ ರಸ್ತೆ ಕಾಮಗಾರಿಯ ಸೇವೆಯಲ್ಲಿದ್ದ ಎಂಜಿನಿಯರ್ ಅವರು. ಬಡ್ತಿಗೆ ವರದಿಯಲ್ಲಿ ‘ಬಹಳ ಉತ್ತಮ’ ಅಂತ ಇರಬೇಕಿತ್ತು. ಒಂದು ವರ್ಷದ ವರದಿಯಲ್ಲಿ ಬರೀ ‘ಉತ್ತಮ’ ಅಂತಿತ್ತು. ಅದು ಅವರಿಗೆ ಗೊತ್ತೇ ಇರಲಿಲ್ಲ, ಬಡ್ತಿ ತಪ್ಪಿತು. ವರದಿಯ ಪ್ರತಿಯೊಂದು ನಮೂದನ್ನೂ ನೌಕರನಿಗೆ ತಿಳಿಸಲೇಬೇಕು ಅಂತ ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಪು ಕೊಟ್ಟಿತು. ಅದು ಸರ್ಕಾರಿ ನೌಕರರ ಮಾತು, ನಮ್ಮಂಥ ಕಂಪನಿಗೆ ಹಾಗೇ ಅನ್ವಯಿಸುವುದಿಲ್ಲ. ಆದರೆ ಮಾವ ಹೇಳಿದ್ದು ನನಗೆ ನಾಟಿತು. “ನೋಡಮ್ಮಾ, ‘ಉತ್ತಮ’ ಅನ್ನೋದು ಬೈಗುಳ ಅಲ್ಲ. ಆದ್ರೂ ಆ ಪದಾನೇ ಆ ಮನುಷ್ಯನ ಬಡ್ತಿ ತಿಂತು. ನೀನು ಬರೆದದ್ದೂ ಹಾಗೇ ಆಗಿದೆ.”

ಏಪ್ರಿಲ್‌ನಿಂದ ನಾನು ಬೇರೆ ಥರ ಶುರು ಮಾಡಿದೆ.

ನಾನು ವಿಜಯನಗರದಿಂದ ಮೆಟ್ರೋದಲ್ಲಿ ಓಡಾಡುತ್ತೇನೆ. ನೇರಳೆ ಮಾರ್ಗದಲ್ಲಿ ಮನೆಯ ಹತ್ತಿರ ಹತ್ತಿದರೆ ಆಫೀಸಿನ ಹತ್ತಿರ ಇಳಿಯುವವರೆಗೆ ರೈಲು ಬದಲಿಸಬೇಕಾಗಿಲ್ಲ. ಶುಕ್ರವಾರ ಸಂಜೆ ವಾಪಸ್ ಬರುವಾಗ, ಸೀಟು ಸಿಕ್ಕಿದ ಮೇಲೆ, ಮೊಬೈಲಿನಲ್ಲಿ ಒಬ್ಬೊಬ್ಬರ ಹೆಸರಿನ ಕೆಳಗೆ ಒಂದೆರಡು ಸಾಲು ಬರೆಯುತ್ತಿದ್ದೆ. ತಾರೀಕು, ಏನಾಗಿತ್ತು, ಇವರು ಏನು ಮಾಡಿದರು, ಅದರಿಂದ ಯಾರಿಗೆ ಏನಾಯಿತು. ಅಷ್ಟೇ. ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್ ಎಂಬ ತರಬೇತಿ ಸಂಸ್ಥೆಯವರು ಕಲಿಸುವ ‘ಸಂದರ್ಭ, ನಡವಳಿಕೆ, ಪರಿಣಾಮ’ ಅನ್ನುವ ಕ್ರಮವೂ ಹೆಚ್ಚುಕಡಿಮೆ ಇದೇ. ‘ಚೆನ್ನಾಗಿ ಮಾಡಿದಳು’ ಅಂತ ಬರೆಯಬಾರದು ಅಂತ ನನಗೆ ನಾನೇ ನಿಯಮ ಹಾಕಿಕೊಂಡಿದ್ದೆ. ಕೆಲವು ವಾರ ತಪ್ಪಿತು. ಕೆಲವರ ಹೆಸರಿನ ಕೆಳಗೆ ಆ ವಾರ ಏನೂ ಇರುತ್ತಿರಲಿಲ್ಲ. ಬಲವಂತವಾಗಿ ತುಂಬಿಸಲಿಲ್ಲ.

ಫೆಬ್ರವರಿ ಕೊನೆಗೆ, ಆ ಟಿಪ್ಪಣಿ ತೆಗೆಯುವ ಮೊದಲು, ರೇಖಾಳ ಬಗ್ಗೆ ನೆನಪಿದ್ದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದೆ. 4 ವಿಷಯ ಬಂತು. ನಾಲ್ಕೂ ಜನವರಿ, ಫೆಬ್ರವರಿಯವು. ಆಮೇಲೆ ಮೊಬೈಲ್ ತೆಗೆದೆ. ಅವಳ ಹೆಸರಿನ ಕೆಳಗೆ 31 ಸಾಲು ಇತ್ತು. ಇಡೀ ವರ್ಷದಲ್ಲಿ ಅವಳು ಮಾಡಿದ ದೊಡ್ಡ ಕೆಲಸ ಜೂನ್‌ನಲ್ಲಿ ಆಗಿತ್ತು. ಅದು ನನ್ನ ಹಾಳೆಯಲ್ಲೇ ಇರಲಿಲ್ಲ. ಹತ್ತಿರದ್ದೇ ಕಣ್ಣಿಗೆ ದೊಡ್ಡದಾಗಿ ಕಾಣುವ ಈ ದೋಷದ ಬಗ್ಗೆ ಟ್ರೇನಿಂಗ್‌ಗಳಲ್ಲಿ ಕೇಳಿದ್ದೆ. ನನ್ನ ಕೈಯಲ್ಲೇ ಆಗಿದ್ದನ್ನು ನೋಡಿದ್ದು ಆವತ್ತೇ.

ಇನ್ನೊಂದು ತೊಡಕಿತ್ತು. ಲ್ಯಾಪ್‌ಟಾಪ್ ತೆರೆದು ಇಂಗ್ಲಿಷಿನಲ್ಲಿ ಬರೆಯಲು ಕೂತರೆ ಮತ್ತೆ ಅದೇ ಸಿದ್ಧ ಮಾತು ಬರುತ್ತಿತ್ತು. ಟೀಮ್ ಪ್ಲೇಯರ್, ಹಾರ್ಡ್ ವರ್ಕಿಂಗ್, ಪ್ರೊಆಕ್ಟಿವ್. ಯಾರ ಬಗ್ಗೆಯಾದರೂ ಬರೆಯಬಹುದಾದ ಮಾತು. ಮಾವ ಹಾಲ್‌ನಲ್ಲಿ ಪೇಪರ್ ಓದುತ್ತಾ ಕೂತಿದ್ದರು. “ಜೂನ್‌ನಲ್ಲಿ ಆ ಹುಡುಗಿ ಏನು ಮಾಡಿದ್ಲು ಅಂತ ನಂಗೆ ಹೇಳು” ಅಂದರು. ಹೇಳಿದೆ. ಕಂಪ್ಯೂಟರ್ ಭಾಷೆ ಅವರಿಗೆ ಗೊತ್ತಿಲ್ಲವಾದ್ದರಿಂದ ಬಿಡಿಸಿ ಬಿಡಿಸಿ ಹೇಳಬೇಕಾಯಿತು.

ಗಿರಾಕಿ ಸರಕು ವಾಪಸ್ ಮಾಡಿದರೆ ಅವರ ಖಾತೆಗೆ ದುಡ್ಡು ಹಿಂದೆ ಹೋಗುತ್ತೆ, ಮಾವ. ಅಂಗಡಿಯ ನೆಟ್ ನಿಧಾನ ಆದ್ರೆ, ಉತ್ತರ ಬರಲಿಲ್ಲ ಅಂತ ಬಿಲ್ಲಿಂಗ್ ಮಷೀನು ಅದೇ ಕೋರಿಕೆಯನ್ನ ಇನ್ನೊಂದು ಸಲ ಕಳಿಸುತ್ತೆ. ಮೊದಲನೆಯದೂ ತಲುಪಿರುತ್ತೆ. ಹಾಗಾಗಿ ಒಬ್ಬರಿಗೇ ಎರಡು ಸಲ ದುಡ್ಡು. ರೇಖಾ ಇನ್ನೇನೋ ಕೆಲಸಕ್ಕೆ ದಿನದ ಲೆಕ್ಕದ ವರದಿ ನೋಡ್ತಾ ಇದ್ದಳು. ಮೊತ್ತ ತಾಳೆ ಆಗ್ತಿಲ್ಲ ಅಂತ ಅವಳಿಗೇ ಅನ್ನಿಸಿತು. ಯಾರೂ ಹೇಳಿರಲಿಲ್ಲ. ಕೂತು ಹುಡುಕಿದಳು. 17 ಸಿಕ್ಕಿತು.

“ಆಮೇಲೆ?” ಅಂದರು ಮಾವ.

ಪ್ರತಿ ವಾಪಸಾತಿಗೂ ಒಂದು ನಂಬರ್ ಕೊಟ್ಟಳು. ಅದೇ ನಂಬರಿನ ಕೋರಿಕೆ ಎರಡನೇ ಸಲ ಬಂದರೆ, ‘ಇದು ಆಗಿದೆ’ ಅಂತ ಹೇಳಿ ಬಿಟ್ಟುಬಿಡೋ ಹಾಗೆ ಮಾಡಿದಳು. ಮೂರು ದಿನದಲ್ಲಿ. ಆಮೇಲೆ ಒಂದೂ ಎರಡು ಸಲ ಹೋಗಿಲ್ಲ.

“ಇದನ್ನೇ ಬರಿ” ಅಂದರು.

ಅದನ್ನೇ ಬರೆದೆ. ಮೊದಲು ಕನ್ನಡದಲ್ಲಿ, ನೋಟ್‌ಬುಕ್ಕಿನಲ್ಲಿ, ಹೇಳಿದ ಹಾಗೇ. ಆಮೇಲೆ ಇಂಗ್ಲಿಷಿಗೆ ತಂದೆ. ಕನ್ನಡದಲ್ಲಿ ಹೇಳುವಾಗ ‘ಅವಳು ಪ್ರೊಆಕ್ಟಿವ್’ ಅಂತ ಯಾರೂ ಹೇಳುವುದಿಲ್ಲ, ಅಲ್ವಾ? ಯಾರೂ ಹೇಳದೆ ಅವಳೇ ನೋಡಿದಳು ಅನ್ನುತ್ತೇವೆ. ಆ ಮಾತಿನ ಬೆನ್ನಿಗೇ ಯಾವಾಗ, ಏನನ್ನು ಅನ್ನುವುದೂ ಬರುತ್ತದೆ. ಕೊನೆಗೆ ರಿವ್ಯೂನಲ್ಲಿ ಉಳಿದದ್ದು ಹೀಗೆ:

“ಜೂನ್‌ನಲ್ಲಿ ದಿನದ ಲೆಕ್ಕದ ವರದಿ ನೋಡುವಾಗ, 17 ರೀಫಂಡ್‌ಗಳು ಎರಡೆರಡು ಸಲ ಹೋಗಿರುವುದನ್ನು ರೇಖಾ ಗುರುತಿಸಿದಳು. ಅದು ಅವಳಿಗೆ ಒಪ್ಪಿಸಿದ ಕೆಲಸವಾಗಿರಲಿಲ್ಲ. ಕಾರಣ ಹುಡುಕಿ, ಒಂದೇ ಕೋರಿಕೆ ಎರಡನೇ ಸಲ ಬಂದರೆ ದುಡ್ಡು ಹೋಗದಂತೆ 3 ದಿನದಲ್ಲಿ ಸರಿಪಡಿಸಿದಳು. ಈ ರಿವ್ಯೂ ಬರೆಯುವವರೆಗೆ ಅದು ಮರುಕಳಿಸಿಲ್ಲ. ರಾತ್ರಿ ಪಾಳಿಯವರಿಗಾಗಿ 2 ಪುಟದ ಟಿಪ್ಪಣಿಯನ್ನೂ ಬರೆದಳು. ರೀಫಂಡ್ ದೂರು ಬಂದರೆ ಅವರು ಈಗ ಅವಳಿಗೆ ಫೋನ್ ಮಾಡದೆ ತಾವೇ ನೋಡಿಕೊಳ್ಳುತ್ತಾರೆ.”

ಹೊಗಳುವ ಪದ ಒಂದೂ ಇಲ್ಲ. ಓದಿದವರಿಗೆ ಅವಳು ಎಂಥವಳು ಅಂತ ಗೊತ್ತಾಗುತ್ತದೆ.

ಕಷ್ಟವಾದದ್ದು ಇನ್ನೊಂದು ಭಾಗ. ಸೆಪ್ಟೆಂಬರ್‌ನಲ್ಲಿ ಅವಳಿಗೆ ಒಂದು ಹೊಸ ರಿಪೋರ್ಟಿನ ಕೆಲಸ ಕೊಟ್ಟಿದ್ದೆ. 2 ವಾರ ಸಾಕು ಅಂದಿದ್ದಳು, 5 ವಾರ ಹಿಡಿಯಿತು. ಟೆಸ್ಟಿಂಗ್ ಮಾಡುವ ಇಬ್ಬರು 4 ದಿನ ಕೈಕಟ್ಟಿ ಕೂರಬೇಕಾಯಿತು. ರಿಲೀಸ್ ಮುಂದೆ ಹೋಯಿತು. ನನ್ನ ಮೊದಲ ಕರಡಿನಲ್ಲಿ “ಸಂವಹನ ಸುಧಾರಿಸಿಕೊಳ್ಳಬೇಕು” ಅಂತ ಬರೆದಿದ್ದೆ. ಹಿಂದಿನ ವರ್ಷದ “ಹೆಚ್ಚಿನ ಹೊಣೆ”ಯ ಅಣ್ಣ ಇದು. ಓದಿದರೆ ಅವಳ ಇಂಗ್ಲಿಷ್ ಚೆನ್ನಾಗಿಲ್ಲ ಅಂತಲೂ ಅನ್ನಿಸಬಹುದು. ಮೀಟಿಂಗಿನಲ್ಲಿ ಮಾತಾಡುವುದಿಲ್ಲ ಅಂತಲೂ ಅನ್ನಿಸಬಹುದು. ಎರಡೂ ನಿಜವಲ್ಲ.

ನನ್ನ ಟಿಪ್ಪಣಿಯಲ್ಲಿ ಇದ್ದದ್ದು ಇಷ್ಟು: “4ನೇ ದಿನವೇ ತೊಂದರೆ ಗೊತ್ತಾಗಿದೆ. 12ನೇ ದಿನ ನಾನಾಗಿ ಕೇಳಿದ ಮೇಲೆ ಹೇಳಿದಳು.” ಇದನ್ನೇ ರಿವ್ಯೂಗೆ ಏರಿಸಲು ಹೊರಟಿದ್ದೆ. ಆದರೆ ಅದಕ್ಕೆ ಮೊದಲು ಅವಳ ಜೊತೆ ಒಂದು ಟೀ ಕುಡಿಯೋಣ ಅನ್ನಿಸಿತು. ರಿವ್ಯೂನಲ್ಲಿ ಮೊದಲ ಸಲ ಓದಿ ಅವಳಿಗೆ ಗಾಬರಿ ಆಗಬಾರದಲ್ಲ. ಸೆಪ್ಟೆಂಬರಿನ ಆ ದಿನಗಳಲ್ಲಿ ಏನಾಯಿತು ಅಂತ ಕೇಳಿದೆ.

ಅವಳು ಮೊಬೈಲ್ ತೆಗೆದು ಒಂದು ಮೆಸೇಜ್ ತೋರಿಸಿದಳು. 5ನೇ ದಿನದ್ದು. ಬೇರೆ ಟೀಮಿನ ಒಬ್ಬರಿಗೆ, “ಈ ಟೇಬಲ್‌ನಲ್ಲಿ ಹಳೆಯ ಬಿಲ್‌ಗಳ ವಿವರ ಇಲ್ಲ, ಎಲ್ಲಿ ಸಿಗುತ್ತದೆ?” ಅಂತ ಕೇಳಿದ್ದಳು. ಉತ್ತರ ಬಂದಿರಲಿಲ್ಲ. 8ನೇ ದಿನ ಮತ್ತೆ ಕೇಳಿದ್ದಳು. “ನಾನು ಕಾಯ್ತಾ ಇದ್ದೆ ಅಕ್ಕ. ಸ್ಟ್ಯಾಂಡ್-ಅಪ್‌ನಲ್ಲಿ ಅವರ ಹೆಸರು ಹೇಳಿದ್ರೆ ದೂರು ಕೊಟ್ಟ ಹಾಗೆ ಆಗುತ್ತೆ ಅಂತ ಸುಮ್ನೆ ಇದ್ದೆ. ‘ನಡೀತಾ ಇದೆ’ ಅಂತ ಹೇಳ್ತಿದ್ದೆ.” ಸ್ಟ್ಯಾಂಡ್-ಅಪ್ ಅಂದರೆ ಯಾರ ಕೆಲಸ ಎಲ್ಲಿಗೆ ಬಂತು ಅಂತ ಟೀಮಿನವರು ದಿನಾ ಹೇಳಿಕೊಳ್ಳುವ ಚಿಕ್ಕ ಸಭೆ.

ಅಂದರೆ ನನ್ನ ಟಿಪ್ಪಣಿ ಸುಳ್ಳಾಗಿರಲಿಲ್ಲ, ಅರ್ಧವಾಗಿತ್ತು. ಅವಳು ಕೈಚೆಲ್ಲಿ ಕೂತಿರಲಿಲ್ಲ. ಕೇಳಬೇಕಾದವರನ್ನು ಕೇಳಿದ್ದಳು. ನನಗೂ ಟೆಸ್ಟಿಂಗಿನವರಿಗೂ ಹೇಳಿರಲಿಲ್ಲ. ಸರಿಪಡಿಸಬೇಕಾದದ್ದು ಆ ಒಂದು ಜಾಗ. ಡಿಸೆಂಬರಿನ ಟಿಪ್ಪಣಿಯಲ್ಲಿ ಇನ್ನೊಂದು ಸಾಲೂ ಇತ್ತು: ಅಂಥದ್ದೇ ಒಂದು ತೊಡಕು ಬಂದಾಗ ಎರಡನೇ ದಿನವೇ ಸ್ಟ್ಯಾಂಡ್-ಅಪ್‌ನಲ್ಲಿ ಹೇಳಿದ್ದಳು. ಬರೀ ಸೆಪ್ಟೆಂಬರ್ ಬರೆದು ಡಿಸೆಂಬರ್ ಬಿಟ್ಟರೆ ಅದು ಅನ್ಯಾಯ. ಬರೀ ಡಿಸೆಂಬರ್ ಬರೆದು ಸೆಪ್ಟೆಂಬರ್ ಬಿಟ್ಟರೆ ಮೀಟಿಂಗಿನಲ್ಲಿ ಯಾರಾದರೂ ಆ ತಡವಾದ ರಿಲೀಸ್ ನೆನಪಿಸುತ್ತಾರೆ, ನನ್ನ ಉಳಿದ ಮಾತಿನ ಮೇಲೂ ನಂಬಿಕೆ ಹೋಗುತ್ತದೆ. ತಿರುಗಿ ಬರೆದೆ:

“ಸೆಪ್ಟೆಂಬರ್‌ನ ರಿಪೋರ್ಟ್ ಕೆಲಸದಲ್ಲಿ ಹಳೆಯ ಬಿಲ್‌ಗಳ ವಿವರ ಸಿಗುತ್ತಿಲ್ಲ ಎಂಬುದು 4ನೇ ದಿನ ಗೊತ್ತಾಯಿತು. ಸಂಬಂಧಪಟ್ಟ ಟೀಮಿಗೆ ರೇಖಾ ಎರಡು ಸಲ ಬರೆದಳು, ಆದರೆ 12ನೇ ದಿನದವರೆಗೆ ನನಗಾಗಲಿ ಟೆಸ್ಟಿಂಗ್‌ಗಾಗಲಿ ಹೇಳಲಿಲ್ಲ. ಟೆಸ್ಟಿಂಗಿನ ಇಬ್ಬರ 4 ದಿನ ಹೋಯಿತು, ರಿಲೀಸ್ ಮುಂದೆ ಹೋಯಿತು. ಡಿಸೆಂಬರ್‌ನಲ್ಲಿ ಇಂಥದ್ದೇ ತೊಡಕನ್ನು 2ನೇ ದಿನವೇ ತಿಳಿಸಿದಳು, ಕೆಲಸ ನಿಲ್ಲಲಿಲ್ಲ. ಮುಂದಿನ ವರ್ಷ: ಹೊರಗಿನ ಟೀಮಿನಿಂದ ಒಂದು ದಿನದೊಳಗೆ ಉತ್ತರ ಬರದಿದ್ದರೆ ಮರುದಿನದ ಸ್ಟ್ಯಾಂಡ್-ಅಪ್‌ನಲ್ಲಿ ಹೇಳುವುದು. ಆ ಟೀಮನ್ನು ವಿಚಾರಿಸುವುದು ನನ್ನ ಕೆಲಸ.”

ಕೊನೆಯ ವಾಕ್ಯ ನನಗಾಗಿ ಬರೆದದ್ದು. 12 ದಿನ ‘ನಡೀತಾ ಇದೆ’ ಅಂತ ಕೇಳಿಸಿಕೊಂಡು ಸುಮ್ಮನಿದ್ದವಳು ನಾನೂ ಹೌದು.

ಸಹೋದ್ಯೋಗಿಗಳ ಅಭಿಪ್ರಾಯ ಕೇಳುವ ಕ್ರಮವೂ ನಮ್ಮಲ್ಲಿದೆ. ಮೂವರನ್ನು ಕೇಳಿದೆ. ಮೂವರೂ “ಅವಳ ಜೊತೆ ಕೆಲಸ ಮಾಡೋದು ಖುಷಿ” ಅಂತ ಬರೆದು ಕಳಿಸಿದರು. ತಪ್ಪು ಅವರದ್ದಲ್ಲ, ನಾನು ಕೇಳಿದ್ದೇ “ರೇಖಾ ಹೇಗೆ?” ಅಂತ. ಪ್ರಶ್ನೆ ಬದಲಿಸಿದೆ. “ಈ ವರ್ಷ ಅವಳಿಂದ ನಿಮ್ಮ ಕೆಲಸ ಹಗುರವಾದ ಒಂದು ಸಂದರ್ಭ ಹೇಳಿ. ಅವಳಿಗಾಗಿ ನೀವು ಕಾಯಬೇಕಾಗಿ ಬಂದ ಒಂದು ಸಂದರ್ಭ ಹೇಳಿ.” ಆಗ ಹೊಸದಾಗಿ ಸೇರಿದ ಹುಡುಗ ಬರೆದ: ಅವನು ಬಂದ ಮೊದಲ 6 ವಾರ, ವಾರಕ್ಕೆ ಎರಡು ಮಧ್ಯಾಹ್ನ ಅವಳು ಪಕ್ಕದಲ್ಲಿ ಕೂತು ಹಳೆಯ ಕೋಡ್ ಓದಿಸಿದ್ದಳು. ನನಗೆ ಇದು ಗೊತ್ತೇ ಇರಲಿಲ್ಲ. ಕೆಲಸಗಳನ್ನು ಒಂದೊಂದಾಗಿ ದಾಖಲಿಸುವ ನಮೂದಿಗೆ ಟಿಕೆಟ್ ಅನ್ನುತ್ತೇವೆ, ಇದಕ್ಕೆ ಯಾವ ಟಿಕೆಟ್ಟೂ ಇಲ್ಲ. ಟಿಕೆಟ್ ಲೆಕ್ಕ ನೋಡಿದರೆ ಟೀಮಿನಲ್ಲಿ ಅವಳದ್ದೇ ಕಡಿಮೆ. ಆ ಸಂಖ್ಯೆಯನ್ನು ನಾನು ಮುಚ್ಚಿಡಲಿಲ್ಲ. ಅದನ್ನು ಬರೆದು, ಕಾರಣವನ್ನೂ ಪಕ್ಕದಲ್ಲೇ ಬರೆದೆ: ರೀಫಂಡ್ ಕೆಲಸ ಇಡೀ ಒಂದೇ ಟಿಕೆಟ್, ಹುಡುಗನಿಗೆ ಕಲಿಸಿದ್ದು ಸೊನ್ನೆ ಟಿಕೆಟ್.

ಇಷ್ಟಾದ ಮೇಲೆ ಹಿಂದಿನ ವರ್ಷ ಬರೆದ ಏಳೂ ರಿವ್ಯೂಗಳನ್ನು ಪಕ್ಕಪಕ್ಕ ಇಟ್ಟೆ. ಹೆಸರಿನ ಮೇಲೆ ಹೆಬ್ಬೆರಳು ಇಟ್ಟು ಓದಿದೆ. ರೇಖಾಳ ನಾಲ್ಕು ವಾಕ್ಯ ಏಳರಲ್ಲಿ ಐದು ಜನಕ್ಕೆ ಸಲೀಸಾಗಿ ಹೊಂದುತ್ತಿತ್ತು. ಅದಕ್ಕಿಂತ ನೋವಾದದ್ದು ಬೇರೆ. ಟೀಮಿನ ಮೂವರು ಹೆಣ್ಣುಮಕ್ಕಳ ಬಗ್ಗೆ ‘ಸಹಾಯ ಮಾಡುತ್ತಾಳೆ’, ‘ಹೊಂದಿಕೊಳ್ಳುತ್ತಾಳೆ’ ಅಂತ ಬರೆದಿದ್ದೆ. ಹುಡುಗರ ಬಗ್ಗೆ ಯಾವ ಕೆಲಸ ಮುಗಿಸಿದರು ಅಂತ ಬರೆದಿದ್ದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶೆಲ್ಲಿ ಕೊರೆಲ್ ಮತ್ತು ಕ್ಯಾರೊಲಿನ್ ಸಿಮಾರ್ಡ್ 2016ರಲ್ಲಿ ಇದನ್ನೇ ತೋರಿಸಿದ್ದರು. ಹೆಂಗಸರಿಗೆ ಸಿಗುವ ರಿವ್ಯೂಗಳಲ್ಲಿ ಮೋಘಮ್ ಮಾತು ಜಾಸ್ತಿ, ಅವರು ಸಾಧಿಸಿದ ಕೆಲಸಕ್ಕೆ ಅದನ್ನು ಜೋಡಿಸಿ ಹೇಳುವುದು ಕಡಿಮೆ. ನಾನೂ ಹೆಣ್ಣೇ. ಆದರೂ ಹಾಗೇ ಬರೆದಿದ್ದೆ. ಆವತ್ತು ಉಳಿದ ಇಬ್ಬರ ಕರಡನ್ನೂ ಮೊದಲಿಂದ ತೆಗೆದುಕೊಂಡೆ.

ಒಬ್ಬರ ರಿವ್ಯೂಗೆ ಸುಮಾರು ಒಂದೂವರೆ ಗಂಟೆ ಹಿಡಿಯಿತು. ಹಿಂದಿನ ವರ್ಷ ಏಳೂ ಸೇರಿ ಒಂದು ಮಧ್ಯಾಹ್ನದಲ್ಲಿ ಮುಗಿದಿತ್ತು.

ಈ ಸಲದ ಕ್ಯಾಲಿಬ್ರೇಷನ್‌ನಲ್ಲಿ ಅದೇ ರೂಮು, ಹೆಚ್ಚುಕಡಿಮೆ ಅದೇ ಜನ. ಸೆಪ್ಟೆಂಬರಿನ ರಿಲೀಸ್ ಯಾಕೆ ತಡವಾಯಿತು ಅಂತ ಒಬ್ಬರು ಕೇಳಿದರು. ಪರದೆಯ ಮೇಲೇ ಇತ್ತು, ಓದಿದರು, ಮುಂದೆ ಹೋದರು. ಟಿಕೆಟ್ ಕಡಿಮೆ ಯಾಕೆ ಅಂತ ಇನ್ನೊಬ್ಬರು ಕೇಳಿದರು. ಅದೂ ಅಲ್ಲೇ ಇತ್ತು. ಅವಳ 4 ಉಳಿಯಿತು. ಬಡ್ತಿಯನ್ನು ಮಾತ್ರ ಅಕ್ಟೋಬರಿಗೆ ಮುಂದೂಡಿದರು. ಮುಂದಿನ ಹುದ್ದೆಗೆ ಬೇರೆ ಟೀಮನ್ನೂ ಸೇರಿಸಿಕೊಂಡು ಒಂದು ಕೆಲಸವನ್ನು ಮೊದಲಿಂದ ಕೊನೆವರೆಗೆ ನಡೆಸಿರಬೇಕು, ರೇಖಾ ಅದನ್ನು ಇನ್ನೂ ಮಾಡಿಲ್ಲ ಅಂದರು. ನನಗೆ ಬೇಜಾರಾಯಿತು. ಆದರೆ ಆ ಮಾತು ನಿಜ ಅಂತ ಒಪ್ಪಿಕೊಂಡೆ.

ಸೋಮವಾರ ಅವಳ ಜೊತೆ ಕೂತೆ. ಜೂನ್‌ನದ್ದು ಓದುವಾಗ ಅವಳ ಮುಖ ಸ್ವಲ್ಪ ಅರಳಿತು. ಸೆಪ್ಟೆಂಬರ್ ಭಾಗವನ್ನು ಎರಡು ಸಲ ಓದಿದಳು. “ಇದು ಸರಿ ಇದೆ ಅಕ್ಕ. ಆದ್ರೆ ಟೆಸ್ಟಿಂಗ್‌ನವರಿಗೆ ಹೋಗಿದ್ದು 4 ದಿನ ಅಲ್ಲ, 3. ಒಂದು ದಿನ ಗಣೇಶ ಹಬ್ಬದ ರಜೆ ಇತ್ತು” ಅಂದಳು. ಕ್ಯಾಲೆಂಡರ್ ನೋಡಿದೆ, ಹೌದು. ಅವಳ ಎದುರೇ ತಿದ್ದಿದೆ.

ಆಮೇಲೆ ಬಡ್ತಿಯ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಹಾಗಾದ್ರೆ ಅಕ್ಟೋಬರ್ ಒಳಗೆ ಅಂಥ ಕೆಲಸ ಯಾವುದಿದೆ?” ಅಂತ ಕೇಳಿದಳು. ಈ ಸಲ ನನ್ನ ಬಳಿ ಉತ್ತರ ಇತ್ತು. ಅಂಗಡಿಗಳ ಸ್ಟಾಕ್ ಲೆಕ್ಕವನ್ನು ಬಿಲ್ಲಿಂಗಿಗೆ ಜೋಡಿಸುವ ಕೆಲಸ ಮೇ ತಿಂಗಳಲ್ಲಿ ಶುರುವಾಗುತ್ತದೆ, ಮೂರು ಟೀಮ್ ಸೇರಬೇಕು. ಅವಳು ಪೆನ್ನು ತೆಗೆದು ಆ ಮೂರು ಟೀಮಿನ ಹೆಸರು ಬರೆದುಕೊಂಡಳು. ಎರಡನೆಯದರ ಪಕ್ಕ ಒಂದು ಗೆರೆ ಎಳೆದಳು. ಸೆಪ್ಟೆಂಬರಿನಲ್ಲಿ ಉತ್ತರ ಕೊಡದೆ ಇದ್ದದ್ದು ಆ ಟೀಮೇ. “ಇವರನ್ನ ಮೊದಲನೇ ವಾರವೇ ನೋಡ್ಬೇಕು, ನೀವೂ ಬನ್ನಿ” ಅಂದಳು.